ಏಜೆನ್ಸಿಗೆ ಡಿಸೈನರ್ ಬರೆಯುವ ಇಮೇಲ್: ಮೊದಲು ಕೆಲಸ, ಆಮೇಲೆ ಮಾತು

ಗ್ರಾಫಿಕ್ ಡಿಸೈನರ್ ಒಬ್ಬರು ಕೆಲಸ ಕೇಳಿ ಏಜೆನ್ಸಿಗೆ ಬರೆಯುವ ಇಮೇಲ್ ಸಾಮಾನ್ಯ ಉದ್ಯೋಗದ ಅರ್ಜಿಗಿಂತ ಬೇರೆ. ಅರ್ಜಿಯಲ್ಲಿ ಓದು, ಅನುಭವ, ಹಿಂದಿನ ಹುದ್ದೆಗಳು ಮುಂದೆ ಬರುತ್ತವೆ. ಇಲ್ಲಿ ಮುಂದೆ ಬರುವುದು ಪೋರ್ಟ್‌ಫೋಲಿಯೊ, ಅಂದರೆ ಮಾಡಿದ ಕೆಲಸಗಳಲ್ಲಿ ಆರಿಸಿ ಇಟ್ಟ ಸಂಗ್ರಹ. ಇದನ್ನು ಓದುವವರು ಹೆಚ್ಚಾಗಿ ಕ್ರಿಯೇಟಿವ್ ಡೈರೆಕ್ಟರ್ ಅಥವಾ ಡಿಸೈನ್ ತಂಡದ ಮುಖ್ಯಸ್ಥರು. ಕೆಲಸ ಚೆನ್ನಾಗಿದೆಯೇ, ತಮ್ಮಲ್ಲಿರುವ ಕೆಲಸಕ್ಕೆ ಹೊಂದುತ್ತದೆಯೇ ಎಂಬುದನ್ನು ಅವರು ಕಣ್ಣಿನಿಂದಲೇ ತೀರ್ಮಾನಿಸುತ್ತಾರೆ. ಆದ್ದರಿಂದ ಪತ್ರದ ಮಾತೆಲ್ಲ ಸರಿಯಾದ ಲಿಂಕನ್ನು ಒತ್ತಿಸುವುದಕ್ಕಷ್ಟೇ ಬೇಕು.

ಹುಬ್ಬಳ್ಳಿಯ ಡಿಸೈನರ್ ಒಬ್ಬರು ಬೆಂಗಳೂರಿನ ಏಜೆನ್ಸಿಯೊಂದಕ್ಕೆ ಬರೆಯುತ್ತಿದ್ದಾರೆ ಎಂದುಕೊಳ್ಳಬಹುದು. ಅವರ ಬಳಿ ಮದುವೆ ಆಮಂತ್ರಣಗಳಿವೆ, ನಾಟಕದ ಪೋಸ್ಟರುಗಳಿವೆ, ಮಸಾಲೆ ಪುಡಿಯ ಪೊಟ್ಟಣಗಳೂ ಇವೆ. ಏಜೆನ್ಸಿಯ ಹೆಚ್ಚಿನ ಕೆಲಸ ಆಹಾರ ಪದಾರ್ಥಗಳ ಪ್ಯಾಕೇಜಿಂಗ್. ಹಾಗಾದರೆ ಆಮಂತ್ರಣಗಳು ಎಷ್ಟೇ ಸುಂದರವಾಗಿದ್ದರೂ ಈ ಪತ್ರದಿಂದ ಹೊರಗುಳಿಯಬೇಕು. ಮೊದಲ ಲಿಂಕ್ ಪೊಟ್ಟಣಗಳ ಪುಟಕ್ಕೇ ನೇರವಾಗಿ ಹೋಗಬೇಕು. ವೆಬ್‌ಸೈಟಿನ ಮುಖಪುಟಕ್ಕೆ ಕಳಿಸಿದರೆ ಹುಡುಕುವ ಹೊರೆ ಓದುವವರ ಮೇಲೆ ಬೀಳುತ್ತದೆ. ಅಷ್ಟು ಹೊತ್ತು ಅವರಲ್ಲಿ ಇರುವುದಿಲ್ಲ.

ಪತ್ರ ಹೀಗಿರಬಹುದು:

ವಿಷಯ: ಪ್ಯಾಕೇಜಿಂಗ್ ಡಿಸೈನರ್ – ಕನ್ನಡ, ಇಂಗ್ಲಿಷ್ ಲೇಬಲ್‌ಗಳು

ನಮಸ್ಕಾರ. ನಿಮ್ಮ ಏಜೆನ್ಸಿ ರೂಪಿಸಿದ ಕಾಫಿಪುಡಿ ಪೊಟ್ಟಣಗಳನ್ನು ನೋಡಿ ಬರೆಯುತ್ತಿದ್ದೇನೆ. ಎರಡು ಭಾಷೆಯ ಲೇಬಲ್‌ಗಳು ನನ್ನ ಮುಖ್ಯ ಕೆಲಸ.
ಮಸಾಲೆ ಪುಡಿ, ಆರು ಪೊಟ್ಟಣಗಳ ಸರಣಿ: ಅಕ್ಷರ, ಲೇಬಲ್, ಮುದ್ರಣದ ಫೈಲ್ ನನ್ನವು, ಫೋಟೊ ಬೇರೆಯವರದು. (ಲಿಂಕ್)
ಉಪ್ಪಿನಕಾಯಿ ಬಾಟಲಿ: ಹಳೆಯ ಲೇಬಲ್‌ನ ಮರುವಿನ್ಯಾಸ. (ಲಿಂಕ್)
ಉಳಿದ ಕೆಲಸಗಳು. (ಲಿಂಕ್)
ಮುಂದಿನ ತಿಂಗಳಿಂದ ಫ್ರೀಲಾನ್ಸ್ ಆಗಿ ಕೆಲಸಕ್ಕೆ ಸಿದ್ಧ. ಒಮ್ಮೆ ಹದಿನೈದು ನಿಮಿಷ ಮಾತಾಡಲು ಸಾಧ್ಯವೇ?

ಇದರಲ್ಲಿ ಹೆಚ್ಚು ತೂಕವಿರುವುದು ‘ಫೋಟೊ ಬೇರೆಯವರದು’ ಎಂಬ ತುಣುಕಿಗೆ. ಪ್ಯಾಕೇಜಿಂಗ್ ಒಬ್ಬರೇ ಮಾಡುವ ಕೆಲಸವಲ್ಲ, ಅದು ಏಜೆನ್ಸಿಯವರಿಗೆ ಚೆನ್ನಾಗಿ ಗೊತ್ತು. ತನ್ನ ಪಾಲು ಯಾವುದೆಂದು ಹೇಳದ ಡಿಸೈನರ್‌ಗೆ ಭೇಟಿಯಲ್ಲಿ ಮೊದಲು ಎದುರಾಗುವ ಪ್ರಶ್ನೆಯೂ ಅದೇ. ಗ್ರಾಹಕರೊಂದಿಗೆ ಗೋಪ್ಯತೆಯ ಒಪ್ಪಂದವಿದ್ದರೆ, ಅವರ ಅನುಮತಿ ಸಿಗುವವರೆಗೆ ಆ ಕೆಲಸವನ್ನು ಸೇರಿಸುವಂತಿಲ್ಲ. ಸೇರಿಸಿದರೆ, ನಾಳೆ ತಮ್ಮ ಗ್ರಾಹಕರ ಗುಟ್ಟನ್ನೂ ಇವರು ಹೀಗೆಯೇ ಬಿಟ್ಟುಕೊಡಬಹುದೆಂದು ಏಜೆನ್ಸಿ ಭಾವಿಸುತ್ತದೆ.

ಕಳಿಸುವ ಮುನ್ನ ಪ್ರತಿ ಲಿಂಕನ್ನೂ ಲಾಗಿನ್ ಆಗಿರದ ಬ್ರೌಸರ್ ಕಿಟಕಿಯಲ್ಲಿ ತೆರೆದು ನೋಡಬೇಕು. ಗೂಗಲ್ ಡ್ರೈವ್‌ಗೆ ಹಾಕಿದ ಫೈಲ್ ಸಾಮಾನ್ಯವಾಗಿ ಮಾಲೀಕರಿಗಷ್ಟೇ ಕಾಣುತ್ತದೆ. ಹಂಚುವ ಜಾಗದಲ್ಲಿ Anyone with the link ಆರಿಸದಿದ್ದರೆ ಓದುವವರಿಗೆ ಕಾಣುವುದು ಅನುಮತಿ ಕೇಳುವ ಪುಟ ಮಾತ್ರ. ಕಳಿಸಿದವರ ಕಂಪ್ಯೂಟರಿನಲ್ಲಿ ಅದು ಸಲೀಸಾಗಿ ತೆರೆಯುವುದರಿಂದ ತಪ್ಪು ಅವರ ಗಮನಕ್ಕೇ ಬರುವುದಿಲ್ಲ. ಪಿಡಿಎಫ್ ಲಗತ್ತಿಸುವುದಾದರೆ ಜಿಮೇಲ್‌ನ ಮಿತಿ 25 ಎಂಬಿ. ಆದರೆ ಮೊಬೈಲಿನಲ್ಲಿ ನೋಡುವವರಿಗೆ ಅಷ್ಟೂ ಭಾರವೇ. ಮುದ್ರಣದ ಗುಣಮಟ್ಟದ ಚಿತ್ರಗಳನ್ನು ಪರದೆಯ ಅಳತೆಗೆ ಇಳಿಸಿ ಕೆಲವೇ ಎಂಬಿಗೆ ತರುವುದು ಒಳ್ಳೆಯದು.

ಕನ್ನಡ ಅಕ್ಷರವೇ ತನ್ನ ಬಲ ಎನ್ನುವ ಡಿಸೈನರ್‌ಗೆ ಇನ್ನೊಂದು ಪರೀಕ್ಷೆಯಿದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಸಾಲನ್ನು ಇಮೇಲ್‌ಗೆ ಅಂಟಿಸಿದರೆ, ಆ ಕಡೆ ಕಾಣುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಯೂನಿಕೋಡ್‌ನಲ್ಲಿಯೂ ತೊಡಕು ತಪ್ಪಿದ್ದಲ್ಲ. ಇನ್‌ಡಿಸೈನ್‌ನಲ್ಲಿ Adobe World-Ready Paragraph Composer ಆರಿಸದೆ ಪುಟ ಕಟ್ಟಿದರೆ ಒತ್ತಕ್ಷರಗಳು ತಮ್ಮ ಜಾಗಕ್ಕೆ ಸೇರದೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ‘ಅಪ್ಪಟ’, ‘ಉಪ್ಪಿನಕಾಯಿ’ಯಂಥ ಪದಗಳ ಮೇಲೆ ಕಣ್ಣಾಡಿಸಿದರೆ ಇದು ತಕ್ಷಣ ಗೊತ್ತಾಗುತ್ತದೆ. ಕನ್ನಡ ಬಲ್ಲವರನ್ನೇ ಹುಡುಕುತ್ತಿರುವ ಏಜೆನ್ಸಿಯ ಕಣ್ಣಿಗೆ ಬಣ್ಣ, ವಿನ್ಯಾಸಗಳಿಗಿಂತ ಮೊದಲು ಈ ದೋಷವೇ ಬೀಳುತ್ತದೆ.

ಉತ್ತರ ಬಾರದಿದ್ದರೆ ವಾರ, ಹತ್ತು ದಿನ ಬಿಟ್ಟು ಅದೇ ಪತ್ರದ ಕೆಳಗೆ ಒಂದೆರಡು ಸಾಲು ಬರೆಯಬಹುದು. ಬರೀ ನೆನಪಿಸುವುದಕ್ಕಿಂತ ಹೊಸ ಕೆಲಸವೊಂದರ ಲಿಂಕ್ ಸೇರಿಸಿದರೆ ಓದುವವರಿಗೆ ಮತ್ತೆ ತೆರೆಯಲು ಕಾರಣ ಸಿಗುತ್ತದೆ. ಕೆಲಸ ಬಿಹ್ಯಾನ್ಸ್‌ನಲ್ಲಿದ್ದರೆ ಎಷ್ಟು ಸಲ ನೋಡಲಾಗಿದೆ ಎಂಬ ಸಂಖ್ಯೆ ಅಲ್ಲೇ ಕಾಣುತ್ತದೆ. ಬೇರೆಯವರೂ ನೋಡಿರಬಹುದಾದ್ದರಿಂದ ಅದು ಸುಳಿವು ಮಾತ್ರ. ಸಂಖ್ಯೆ ಅಲುಗಾಡದಿದ್ದರೆ ಲಿಂಕ್ ಒತ್ತಿಲ್ಲವೆಂದೇ ಲೆಕ್ಕ, ಆಗ ತಿದ್ದಬೇಕಾದ್ದು ವಿಷಯದ ಸಾಲು ಅಥವಾ ಮೊದಲ ವಾಕ್ಯ. ಏರಿದ್ದೂ ಉತ್ತರವಿಲ್ಲವೆಂದರೆ ಏಜೆನ್ಸಿಯಲ್ಲಿ ಸದ್ಯ ಜಾಗವಿಲ್ಲದಿರಬಹುದು, ಇಲ್ಲವೇ ಆರಿಸಿ ಕಳಿಸಿದ ಕೆಲಸ ಅವರಿಗೆ ಒಗ್ಗದಿರಬಹುದು. ಎರಡನೆಯ ಪತ್ರಕ್ಕೂ ಮೌನವೇ ಉತ್ತರವಾದರೆ ಮೂರನೆಯದನ್ನು ಕಳಿಸದೆ, ಮುಂದಿನ ಏಜೆನ್ಸಿಗೆ ಬೇರೆ ಲಿಂಕುಗಳನ್ನು ಆರಿಸಿ ಹೊಸ ಪತ್ರ ಬರೆಯುವುದು ವಾಡಿಕೆ.