ಲಾಟು 10ರ ನಂತರ 10ಅ ಬರಲೇಬೇಕು: ಎಕ್ಸೆಲ್ ಪಟ್ಟಿಯಲ್ಲಿ ಅಂಕಿ-ಅಕ್ಷರಗಳ ಸರದಿ

ಸವದತ್ತಿ, ಬೈಲಹೊಂಗಲ ಭಾಗದಲ್ಲಿ ಹತ್ತಿ ಹಂಗಾಮು ಆರಂಭವಾದರೆ ದಲಾಲಿ ಅಂಗಡಿಗಳಲ್ಲಿ ಲಾಟುಗಳ ಪಟ್ಟಿ ದಿನದಿನಕ್ಕೂ ಉದ್ದವಾಗುತ್ತದೆ. ಒಬ್ಬ ರೈತನ ಮಾಲಿನಲ್ಲಿ ಸ್ವಲ್ಪ ಭಾಗ ಹಸಿಯಾಗಿದ್ದರೆ ಅಥವಾ ಬೇರೆ ದರ್ಜೆಯದಾಗಿದ್ದರೆ ಆ ಭಾಗವನ್ನು ಬೇರ್ಪಡಿಸಿ, ಅದೇ ಸಂಖ್ಯೆಗೆ ಒಂದು ಅಕ್ಷರ ಸೇರಿಸಿ ಬರೆದುಕೊಳ್ಳುವುದುಂಟು. ಕೈಬರಹದ ಖಾತೆಯಲ್ಲಿ ಇದರಿಂದ ಯಾವ ತೊಡಕೂ ಇರುವುದಿಲ್ಲ. ಪಟ್ಟಿಯು ಎಕ್ಸೆಲ್‌ಗೆ ಬಂದಾಗ ಮಾತ್ರ ಆ ಒಂದು ಅಕ್ಷರವು ಲೆಕ್ಕವನ್ನೇ ತಪ್ಪಿಸಬಲ್ಲುದು.

ಉದಾಹರಣೆಗೆ ಒಂದು ಅಂಗಡಿಯ ಪಟ್ಟಿಯಲ್ಲಿ 1, 2, 2ಅ, 10, 10ಅ, 21, 100 ಎಂಬ ಏಳು ಲಾಟುಗಳಿವೆ ಎಂದಿಟ್ಟುಕೊಳ್ಳೋಣ. ಗುಮಾಸ್ತನು ಏರಿಕೆಯ ಕ್ರಮದಲ್ಲಿ ಜೋಡಿಸಲು ಆಜ್ಞೆ ಕೊಟ್ಟರೆ ಬರುವ ಸರದಿ ಹೀಗಿರುತ್ತದೆ: 1, 2, 10, 21, 100, 10ಅ, 2ಅ. ಜಿನ್ನಿಂಗ್ ಕಾರ್ಖಾನೆಯವರು 21ರವರೆಗಿನ ಲಾಟುಗಳನ್ನು ಕೊಂಡಿದ್ದಾರೆಂದು ಮೊದಲ ನಾಲ್ಕು ಸಾಲುಗಳನ್ನು ಕೂಡಿದರೆ 12.40, 9.00, 14.00, 8.50 ಸೇರಿ 43.90 ಕ್ವಿಂಟಲ್ ಆಗುತ್ತದೆ. ಆದರೆ 2ಅ ಲಾಟಿನ 3.10 ಮತ್ತು 10ಅ ಲಾಟಿನ 4.20 ಕ್ವಿಂಟಲ್ ಪಟ್ಟಿಯ ತಳದಲ್ಲಿ ಉಳಿದುಹೋಗಿವೆ. ನಿಜವಾದ ತೂಕ 51.20 ಕ್ವಿಂಟಲ್. ಮಾಲು ಹೋಗಿದೆ, ಬಿಲ್ಲಿನಲ್ಲಿ ಮಾತ್ರ 7.30 ಕ್ವಿಂಟಲ್ ಇಲ್ಲ.

ಹೀಗಾಗಲು ಕಾರಣ ಸರಳ. ಎಕ್ಸೆಲ್ ಏರಿಕೆಯ ಕ್ರಮದಲ್ಲಿ ಮೊದಲು ಎಲ್ಲ ಸಂಖ್ಯೆಗಳನ್ನೂ ಅನಂತರ ಎಲ್ಲ ಪಠ್ಯವನ್ನೂ ಇರಿಸುತ್ತದೆ. 2ಅ ಎಂಬುದು ಅದರ ಕಣ್ಣಿಗೆ ಸಂಖ್ಯೆಯಲ್ಲ, ಪಠ್ಯ. ಪಠ್ಯವನ್ನು ಅದು ಎಡದಿಂದ ಒಂದೊಂದೇ ಅಕ್ಷರವಾಗಿ ಹೋಲಿಸುವುದರಿಂದ 1ರಿಂದ ಆರಂಭವಾಗುವ 10ಅ ಮುಂದೆ, 2ಅ ಹಿಂದೆ ನಿಲ್ಲುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ಗುಪ್ತವಾದುದು. ಬೇರೆ ಕಡೆಯಿಂದ ನಕಲಿಸಿ ತಂದ ಪಟ್ಟಿಯಲ್ಲಿ 21 ಎಂಬುದು ಅಂಕಿಯಂತೆ ಕಂಡರೂ ಒಳಗೆ ಪಠ್ಯವಾಗಿಯೇ ಇರಬಹುದು. ಅಂಥ ಕೋಶದಲ್ಲಿ ಅಂಕಿ ಸಾಮಾನ್ಯವಾಗಿ ಎಡಕ್ಕೆ ಅಂಟಿರುತ್ತದೆ. ಮೂಲೆಯಲ್ಲಿ ಹಸಿರು ತ್ರಿಕೋನ ಕಾಣಿಸುವುದೂ ಉಂಟು. ಸಂಶಯವಿದ್ದರೆ ಪಕ್ಕದ ಕೋಶದಲ್ಲಿ `=ISNUMBER(A2)` ಎಂದು ಬರೆದು ನೋಡಬೇಕು. `FALSE` ಬಂದರೆ ಅದು ಪಠ್ಯ. ಇಂಥ ಪಟ್ಟಿಯನ್ನು ಜೋಡಿಸುವಾಗ ಎಕ್ಸೆಲ್ ಎಚ್ಚರಿಕೆ ಕೊಟ್ಟು ಎರಡು ಆಯ್ಕೆಗಳನ್ನು ಮುಂದಿಡುತ್ತದೆ. ಅವುಗಳಲ್ಲಿ `Sort anything that looks like a number, as a number` ಎಂಬುದನ್ನು ಆರಿಸಿದರೆ 21 ತನ್ನ ಜಾಗಕ್ಕೆ ಬರುತ್ತದೆ. ಆದರೆ 2ಅ, 10ಅ ಆಗಲೂ ತಳದಲ್ಲಿಯೇ ಇರುತ್ತವೆ. ಇಷ್ಟಕ್ಕೇ ಕೆಲಸ ಮುಗಿಯಿತೆಂದು ತಿಳಿಯುವವರೇ ಹೆಚ್ಚು.

ಖಾತ್ರಿಯಾದ ಉಪಾಯವೆಂದರೆ ಅಂಕಿಯನ್ನೂ ಅಕ್ಷರವನ್ನೂ ಬೇರ್ಪಡಿಸುವುದು. ಲಾಟು ಸಂಖ್ಯೆ A ಕಂಬಸಾಲಿನಲ್ಲಿದ್ದು, B ಮತ್ತು C ಖಾಲಿಯಿವೆ ಎನ್ನೋಣ. B2ರಲ್ಲಿ ಅಂಕಿಗಾಗಿ ಮೊದಲ ಸೂತ್ರವನ್ನೂ C2ರಲ್ಲಿ ಅಕ್ಷರಕ್ಕಾಗಿ ಎರಡನೆಯದನ್ನೂ ಬರೆದು ಕೆಳಗಿನವರೆಗೆ ಎಳೆಯಬೇಕು.

```
=IFERROR(VALUE(A2),VALUE(LEFT(A2,LEN(A2)-1)))
=IF(ISERROR(VALUE(A2)),RIGHT(A2,1),"")
```

ಪೂರ್ಣ ಅಂಕಿಯಾಗಿದ್ದರೆ ಮೊದಲ ಸೂತ್ರ ಅದನ್ನೇ ಇಟ್ಟುಕೊಳ್ಳುತ್ತದೆ. ಇಲ್ಲವಾದರೆ ಕೊನೆಯ ಅಕ್ಷರವನ್ನು ಬಿಟ್ಟು ಉಳಿದುದನ್ನು ಅಂಕಿಯಾಗಿಸುತ್ತದೆ. ಬಳಿಕ ತೂಕ, ಹೆಸರುಗಳೂ ಸೇರಿದಂತೆ ಇಡೀ ಪಟ್ಟಿಯನ್ನು ಆಯ್ದುಕೊಂಡು, `Data` ಪಟ್ಟಿಯ `Sort`ನಲ್ಲಿ ಮೊದಲು B, ಅನಂತರ C ಎಂದು ಸೂಚಿಸಿದರೆ 1, 2, 2ಅ, 10, 10ಅ, 21, 100 ಎಂಬ ಸರದಿ ದೊರೆಯುತ್ತದೆ. `IFERROR` ಎಕ್ಸೆಲ್ 2007ರಿಂದ ಈಚಿನ ಆವೃತ್ತಿಗಳಲ್ಲಿ ಮಾತ್ರ ಇದೆ.

ಈ ಸೂತ್ರ ಕೊನೆಯ ಒಂದೇ ಒಂದು ಅಕ್ಷರವನ್ನು ತೆಗೆಯುತ್ತದೆ. ಅ, ಬ, ಕ ಎಂದು ಬರೆದರೆ ಸರಿ; ಆದರೆ ‘ಕಿ’ ಎಂಬುದು ಓದುವವರಿಗೆ ಒಂದಕ್ಷರವಾದರೂ ಯುನಿಕೋಡ್‌ನಲ್ಲಿ ಕ ಮತ್ತು ಗುಣಿತ ಚಿಹ್ನೆ ಸೇರಿ ಎರಡಾಗಿರುವುದರಿಂದ ಸೂತ್ರ ದೋಷ ತೋರಿಸುತ್ತದೆ. ಇಂಗ್ಲಿಷ್ ಅಕ್ಷರ ಬಳಸುವವರು ನಡುವೆ ಜಾಗ ಬಿಡಬಾರದು. `10 A` ಎಂದು ಟೈಪು ಮಾಡಿದರೆ ಎಕ್ಸೆಲ್ ಅದನ್ನು ಬೆಳಗಿನ ಹತ್ತು ಗಂಟೆಯೆಂದು ತಿಳಿದು ಸಮಯವಾಗಿ ಬದಲಿಸಿಬಿಡುತ್ತದೆ! ರೈತರ ಜಮೀನಿನ ಸರ್ವೆ ನಂಬರಿಗೂ ಇದೇ ಗತಿ. ಭಾರತದ ದಿನಾಂಕ ಕ್ರಮವಿರುವ ಗಣಕದಲ್ಲಿ `12/1` ಎಂಬುದು ಜನವರಿ 12 ಆಗುತ್ತದೆ. ಒಮ್ಮೆ ಹೀಗಾದ ಮೇಲೆ ಕೋಶವನ್ನು `Text` ಎಂದು ಬದಲಿಸಿದರೆ ಹಳೆಯ ನಂಬರು ಮರಳುವುದಿಲ್ಲ, ದಿನಾಂಕದ ಒಳಗಿನ ಐದಂಕಿಯ ಸಂಖ್ಯೆಯೊಂದು ಕಾಣಿಸಿಕೊಳ್ಳುತ್ತದೆ. ಆದುದರಿಂದ ಸರ್ವೆ ನಂಬರಿನ ಕಂಬಸಾಲನ್ನು ಟೈಪು ಮಾಡುವ ಮೊದಲೇ `Text` ಎಂದು ಗೊತ್ತುಪಡಿಸಬೇಕು.

ಹೊಸ ಹಂಗಾಮಿನ ಪಟ್ಟಿಯನ್ನು ಈಗಷ್ಟೇ ತೆರೆಯುವವರಿಗೆ ಸೂತ್ರದ ಗೊಡವೆಯೇ ಬೇಡ. ಲಾಟು ಸಂಖ್ಯೆಗೊಂದು, ಉಪಲಾಟಿನ ಅಕ್ಷರಕ್ಕೊಂದು ಕಂಬಸಾಲು ಹಾಕಿ, ತೂಕದ ಚೀಟಿಯಲ್ಲಿ 10ಅ ಎಂದಿದ್ದುದನ್ನು 10 ಮತ್ತು ಅ ಎಂದು ಬೇರೆ ಬೇರೆಯಾಗಿ ತುಂಬಿದರೆ ಸಾಕು.