ಬಿಂದು ಎಲ್ಲಿದೆಯೆಂದು ಚಿಪ್‌ಗೆ ಗೊತ್ತಿಲ್ಲ

12 ರೂಪಾಯಿ 50 ಪೈಸೆಯ ಸಾಮಾನಿಗೆ ಶೇ 18ರಷ್ಟು ಜಿಎಸ್‌ಟಿ ಸೇರಿಸಬೇಕು. ಆದರೆ ಲೆಕ್ಕ ಮಾಡುವ ಯಂತ್ರಕ್ಕೆ ಪೂರ್ಣಾಂಕ ಬಿಟ್ಟು ಬೇರೇನೂ ಬರುವುದಿಲ್ಲ. ಆಗ 12.50 ಅನ್ನು 1250 ಪೈಸೆ ಎಂದೂ 1.18 ಅನ್ನು 118 ಎಂದೂ ಬರೆದುಕೊಂಡು ಗುಣಿಸುತ್ತೇವೆ. ಬರುವುದು 1,47,500. ಇದನ್ನು ಪೈಸೆಯೆಂದೇ ಓದಿದರೆ ಬಿಲ್ಲು 1,475 ರೂಪಾಯಿ! ಎರಡೂ ಸಂಖ್ಯೆಗಳನ್ನು ನೂರು ಪಟ್ಟು ಹಿಗ್ಗಿಸಿದ್ದರಿಂದ ಗುಣಲಬ್ಧ ಹತ್ತು ಸಾವಿರ ಪಟ್ಟು ಹಿಗ್ಗಿದೆ. ಒಮ್ಮೆ ನೂರರಿಂದ ಭಾಗಿಸಿದರೆ 1475 ಪೈಸೆ, ಅಂದರೆ 14 ರೂಪಾಯಿ 75 ಪೈಸೆ. ಕೂಡುವಾಗ ಈ ತೊಂದರೆಯಿಲ್ಲ. ಪೈಸೆಗೆ ಪೈಸೆ ಸೇರಿದರೆ ಪೈಸೆಯೇ. ಗುಣಿಸಿದ ಮೇಲೆ ಮಾತ್ರ ಅಳತೆಯನ್ನು ಮತ್ತೆ ಹಳೆಯ ಜಾಗಕ್ಕೆ ತರಬೇಕು.

ಫಿಕ್ಸೆಡ್ ಪಾಯಿಂಟ್ ಲೆಕ್ಕ ಎನ್ನುವುದು ಇದನ್ನೇ. ಇದಕ್ಕೆ ಎದುರಾಗಿರುವುದು ಫ್ಲೋಟಿಂಗ್ ಪಾಯಿಂಟ್. ಅಲ್ಲಿ ಪ್ರತಿ ಸಂಖ್ಯೆಯೂ ತನ್ನ ಬಿಂದು ಎಲ್ಲಿದೆ ಎಂಬುದನ್ನು ತನ್ನೊಳಗೇ ಹೊತ್ತುಕೊಂಡಿರುತ್ತದೆ, ಗುಣಿಸಿದಾಗ ಬಿಂದು ತಾನಾಗಿ ಸರಿಯಾದ ಜಾಗಕ್ಕೆ ಸರಿಯುತ್ತದೆ. ಫೋನಿನಲ್ಲಿ, ಲ್ಯಾಪ್‌ಟಾಪಿನಲ್ಲಿ ಈ ಕೆಲಸಕ್ಕೆಂದೇ ಪ್ರತ್ಯೇಕ ಸರ್ಕ್ಯೂಟ್ ಇದೆ. ಆದರೆ ಉಪಕರಣಗಳ ಒಳಗಿರುವ ಅಗ್ಗದ ಚಿಪ್‌ಗಳಲ್ಲಿ ಹಲವಕ್ಕೆ, ಉದಾಹರಣೆಗೆ ಆರ್ಮ್ ಕಂಪನಿಯ ಕಾರ್ಟೆಕ್ಸ್-ಎಂ0 ಆಧರಿಸಿದವಕ್ಕೆ, ಆ ಸರ್ಕ್ಯೂಟ್ ಇಲ್ಲ. ಪ್ರೋಗ್ರಾಂನಲ್ಲಿ float ಎಂದು ಬರೆದರೆ ಕಂಪೈಲರ್ ತಕರಾರು ಮಾಡುವುದಿಲ್ಲ. ಬದಲಿಗೆ ಅದೇ ಕೆಲಸವನ್ನು ಪೂರ್ಣಾಂಕಗಳಿಂದಲೇ ಮಾಡಿ ಮುಗಿಸುವ ಲೈಬ್ರರಿಯೊಂದನ್ನು ಸದ್ದಿಲ್ಲದೆ ಸೇರಿಸುತ್ತದೆ. ಒಂದು ಗುಣಾಕಾರಕ್ಕೆ ಹತ್ತಾರು ಹೆಜ್ಜೆ ಹಿಡಿಯುತ್ತದೆ, ಮೊದಲೇ ಕಡಿಮೆಯಿರುವ ಮೆಮೊರಿಯಲ್ಲೂ ಪಾಲು ಹೋಗುತ್ತದೆ. ಅದಕ್ಕೇ ಇಂಥ ಚಿಪ್‌ಗಳಿಗೆ ಪ್ರೋಗ್ರಾಂ ಬರೆಯುವವರು ಇಂದಿಗೂ ಪೂರ್ಣಾಂಕಗಳಲ್ಲೇ ಲೆಕ್ಕ ಹಾಕುವುದುಂಟು.

ಚಿಪ್ ಒಳಗೆ ನೂರರಿಂದ ಹಿಗ್ಗಿಸುವ ಬದಲು ಎರಡರ ಘಾತದಿಂದ ಹಿಗ್ಗಿಸುತ್ತಾರೆ. ಎರಡರ ಘಾತದಿಂದ ಭಾಗಿಸುವುದೆಂದರೆ ಬಿಟ್‌ಗಳನ್ನು ಬಲಕ್ಕೆ ಸರಿಸಿದರೆ ಆಯಿತು, ಅದು ತೀರ ಅಗ್ಗದ ಕೆಲಸ. ಬಹಳ ಬಳಕೆಯಲ್ಲಿರುವ ಕ್ಯೂ15 ಎಂಬ ಪದ್ಧತಿಯಲ್ಲಿ ಹಿಗ್ಗಿಸುವ ಪ್ರಮಾಣ 2ರ 15ನೇ ಘಾತ, ಅಂದರೆ 32,768. ಅದರಂತೆ 0.1 ಎಂಬುದು 3277 ಆಗುತ್ತದೆ. ಇದು 0.1ಕ್ಕಿಂತ ಕೂದಲೆಳೆಯಷ್ಟು ಹೆಚ್ಚು, ಆದರೆ ಮುಂದಿನ ಕಥೆಯಲ್ಲಿ ತೊಂದರೆ ಕೊಡುವುದು ಅದಲ್ಲ.

ಒಂದು ಥರ್ಮಾಮೀಟರ್ ಕಟ್ಟೋಣ. ಎಲ್‌ಎಂ35 ಸೆನ್ಸರ್ ಒಂದು ಡಿಗ್ರಿ ಸೆಲ್ಸಿಯಸ್‌ಗೆ 10 ಮಿಲಿವೋಲ್ಟ್ ಕೊಡುತ್ತದೆ. ಚಿಪ್‌ನ 12 ಬಿಟ್ ಪರಿವರ್ತಕ 3.3 ವೋಲ್ಟನ್ನು 4096 ಮೆಟ್ಟಿಲಾಗಿ ಒಡೆಯುತ್ತದೆ, ಹಾಗಾಗಿ ಒಂದು ಮೆಟ್ಟಿಲೆಂದರೆ ಸುಮಾರು 0.08 ಡಿಗ್ರಿ. 30 ಡಿಗ್ರಿಗೆ 372 ಎಂದೂ 37 ಡಿಗ್ರಿಗೆ 459 ಎಂದೂ ಓದು ಬರುತ್ತದೆ. ಓದು ಕ್ಷಣಕ್ಷಣಕ್ಕೂ ಕುಣಿಯುವುದರಿಂದ ಅದನ್ನು ಹದಕ್ಕೆ ತರಲು ಒಂದು ಸರಳ ಫಿಲ್ಟರ್ ಹಾಕುತ್ತಾರೆ: ಹೊಸ ಓದು x, ತೋರಿಸುವ ಬೆಲೆ y, ಇವೆರಡರ ವ್ಯತ್ಯಾಸದ ಹತ್ತನೇ ಒಂದು ಪಾಲನ್ನು ಪ್ರತಿ ಸಲವೂ y ಗೆ ಸೇರಿಸುವುದು.

```c
y = y + (((x - y) * 3277) >> 15);
```

ಗುಣಿಸಿ, 15 ಬಿಟ್ ಬಲಕ್ಕೆ ಸರಿಸಿ ಅಳತೆಯನ್ನು ಸರಿಮಾಡಿದ್ದೇವೆ. ನೋಡಲು ಎಲ್ಲವೂ ಸರಿ. ಈಗ ಸೆನ್ಸರನ್ನು 30 ಡಿಗ್ರಿಯಿಂದ ತೆಗೆದು 37 ಡಿಗ್ರಿಯ ನೀರಿಗೆ ಇಡಿ. y ಏರುತ್ತಾ ಹೋಗಿ 450ಕ್ಕೆ ನಿಲ್ಲುತ್ತದೆ, 459ನ್ನು ಮುಟ್ಟುವುದೇ ಇಲ್ಲ. ಪರದೆಯ ಮೇಲೆ 36.3 ಡಿಗ್ರಿ. ಅದೇ ಸೆನ್ಸರನ್ನು ಬಿಸಿನೀರಿನಿಂದ ತಂದು ಅದೇ ಪಾತ್ರೆಗೆ ಇಟ್ಟರೆ ಇಳಿಯುತ್ತಾ ಬಂದು ಸರಿಯಾಗಿ 459ಕ್ಕೆ ಕೂರುತ್ತದೆ. ಒಂದೇ ನೀರಿಗೆ ಎರಡು ಉತ್ತರ. ಸೆನ್ಸರ್ ಕೆಟ್ಟಿದೆಯೆಂದು ಬದಲಾಯಿಸಿದರೂ ಹೀಗೇ ಆಗುತ್ತದೆ.

ವ್ಯತ್ಯಾಸ 9 ಉಳಿದಾಗ ಏನಾಗುತ್ತದೆ ನೋಡಿ. 9 ಅನ್ನು 3277ರಿಂದ ಗುಣಿಸಿದರೆ 29,493. ಇದು 32,768ಕ್ಕಿಂತ ಕಡಿಮೆಯಾದ್ದರಿಂದ ಬಲಕ್ಕೆ ಸರಿಸಿದಾಗ ಉಳಿಯುವುದು ಸೊನ್ನೆ. ಸೇರಿಸಬೇಕಾಗಿದ್ದ 0.9 ಮೆಟ್ಟಿಲು ಬಿದ್ದುಹೋಯಿತು. ಮುಂದಿನ ಸಲವೂ ಅದೇ 0.9, ಮತ್ತೆ ಸೊನ್ನೆ. ಇಳಿಯುವಾಗ ಹೀಗಾಗುವುದಿಲ್ಲ. ಋಣಸಂಖ್ಯೆಯನ್ನು ಬಲಕ್ಕೆ ಸರಿಸಿದಾಗ ಸಾಮಾನ್ಯ ಕಂಪೈಲರ್‌ಗಳಲ್ಲಿ ಉತ್ತರ ಸೊನ್ನೆಯ ಕಡೆಗೆ ಹೋಗದೆ ಕೆಳಕ್ಕೆ ಹೋಗುತ್ತದೆ, ಮೈನಸ್ 0.1 ಕೂಡ ಮೈನಸ್ 1 ಆಗುತ್ತದೆ. ಹಾಗಾಗಿ ಕೊನೆಯ ಮೆಟ್ಟಿಲಿನವರೆಗೂ y ಇಳಿಯುತ್ತಲೇ ಇರುತ್ತದೆ. ಇಂಥ ದೋಷವಿದೆಯೇ ಎಂದು ತಿಳಿಯಲು ಸುಲಭವಾದ ದಾರಿ ಇದೇ: ಒಂದೇ ಅಳತೆಗೆ ಒಮ್ಮೆ ಕೆಳಗಿನಿಂದ, ಒಮ್ಮೆ ಮೇಲಿನಿಂದ ಬಂದು ನೋಡುವುದು.

ಮೊದಲ ಪರಿಹಾರ, ಸರಿಸುವ ಮುನ್ನ 32,768ರ ಅರ್ಧವನ್ನು, ಅಂದರೆ 16,384 ಅನ್ನು ಸೇರಿಸುವುದು. ಆಗ ಅರ್ಧ ಮತ್ತು ಅದಕ್ಕಿಂತ ಹೆಚ್ಚಿನದು ಒಂದಾಗುತ್ತದೆ, ಕಡಿಮೆಯದು ಸೊನ್ನೆಯಾಗುತ್ತದೆ. ವ್ಯತ್ಯಾಸ 5 ಇದ್ದರೂ y ಚಲಿಸುತ್ತದೆ. ಆದರೆ 4ಕ್ಕೆ ನಿಲ್ಲುತ್ತದೆ, ಈಗ ಎರಡೂ ಕಡೆಯಿಂದ. ಒಂದೇ ಕಡೆಗೆ ವಾಲುವುದು ತಪ್ಪಿತು, ಸಿಕ್ಕಿಕೊಳ್ಳುವುದು ತಪ್ಪಲಿಲ್ಲ.

ನಿಜವಾದ ಪರಿಹಾರ ಬೇರೆ. ಅಳತೆ ಸರಿಮಾಡುವಾಗ ಎಸೆಯುವ ಬಿಟ್‌ಗಳು ಪರದೆಗೆ ಬೇಡವಾಗಿರಬಹುದು, ಆದರೆ ಮುಂದಿನ ಸುತ್ತಿನ ಲೆಕ್ಕಕ್ಕೆ ಬೇಕು. ಆದ್ದರಿಂದ y ಅನ್ನು ಹದಿನಾರು ಪಟ್ಟು ಹಿಗ್ಗಿಸಿ ಇಟ್ಟುಕೊಳ್ಳಬೇಕು:

```c
y16 = y16 + (((x * 16 - y16) * 3277 + 16384) >> 15);
```

ಈಗ ಸಿಕ್ಕಿಕೊಳ್ಳುವುದು ಹದಿನಾರನೇ ನಾಲ್ಕು ಮೆಟ್ಟಿಲಿಗೆ, ಅಂದರೆ 0.02 ಡಿಗ್ರಿಗೆ. ತೋರಿಸುವಾಗ ಮಾತ್ರ 16ರಿಂದ ಭಾಗಿಸಿದರಾಯಿತು.

ಹಾಗಾದರೆ 256 ಪಟ್ಟು ಹಿಗ್ಗಿಸಿ ಇನ್ನೂ ನಿಖರ ಮಾಡಬಾರದೇಕೆ? ಗುಣಲಬ್ಧಕ್ಕೆ ಜಾಗ ಸಾಲುವುದಿಲ್ಲ. 32 ಬಿಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಧನಸಂಖ್ಯೆ ಸುಮಾರು 214 ಕೋಟಿ. ಓದು ಸೊನ್ನೆಯಿಂದ ಒಮ್ಮೆಲೇ 4095ಕ್ಕೆ ಹಾರಿದರೆ, 16 ಪಟ್ಟಿಗೆ ಗುಣಲಬ್ಧ 21 ಕೋಟಿ, ಆರಾಮವಾಗಿ ಹಿಡಿಸುತ್ತದೆ. 256 ಪಟ್ಟಿಗೆ ಅದು 343 ಕೋಟಿ. ಅಷ್ಟಾದರೆ ಸಂಖ್ಯೆ ಉಕ್ಕಿ ಋಣವಾಗಿ, ಬಿಸಿ ಏರಿದಾಗ ಪರದೆಯ ಅಂಕಿ ಇಳಿಯುತ್ತದೆ. ದಿನನಿತ್ಯದ ಸಣ್ಣ ಏರಿಳಿತದಲ್ಲಿ ಇದು ಕಾಣುವುದೇ ಇಲ್ಲ. ಅದಕ್ಕೇ ಪ್ರತಿ ಗುಣಾಕಾರಕ್ಕೂ ಅತಿ ಕೆಟ್ಟ ಸಂದರ್ಭದ ಸಂಖ್ಯೆಯನ್ನು ಕಾಗದದ ಮೇಲೆ ಲೆಕ್ಕ ಹಾಕಿಯೇ ಮುಂದುವರಿಯಬೇಕು. ಆರ್ಡುಯಿನೊ ಉನೊ ಆರ್3ರಲ್ಲಂತೂ int ಎಂದರೆ 16 ಬಿಟ್ಟೇ. ಮೊದಲ ಸಾಲನ್ನು ಅಲ್ಲಿ int ಇಟ್ಟು ಬರೆದರೆ ವ್ಯತ್ಯಾಸ 10 ಆದ ಕೂಡಲೇ ಗುಣಲಬ್ಧ 32,770 ಆಗಿ 32,767ರ ಮಿತಿ ದಾಟುತ್ತದೆ. ಗುಣಿಸುವ ಮೊದಲೇ 32 ಬಿಟ್‌ಗೆ ಹಿಗ್ಗಿಸಬೇಕು. ಗುಣಿಸಿದ ಮೇಲೆ ಹಿಗ್ಗಿಸಿದರೆ ತಡವಾಯಿತು.

float ಬಳಸಿದ್ದರೆ ಈ ಪಾಡು ಇರುತ್ತಿರಲಿಲ್ಲ ಎನ್ನಬಹುದು. ಈ ಫಿಲ್ಟರ್ ಮಟ್ಟಿಗೆ ಅದು ನಿಜ. ಆದರೆ 32 ಬಿಟ್ float ನಲ್ಲೂ ನಿಖರತೆಗೆ ಸಿಗುವುದು 24 ಬಿಟ್ ಮಾತ್ರ. 1,67,77,216ಕ್ಕೆ 1 ಕೂಡಿಸಿದರೆ ಅದೇ ಸಂಖ್ಯೆ ಮರಳಿ ಬರುತ್ತದೆ. ಮಿಲಿಸೆಕೆಂಡುಗಳನ್ನು ಒಂದೊಂದಾಗಿ float ನಲ್ಲಿ ಎಣಿಸುತ್ತಾ ಹೋದರೆ ನಾಲ್ಕು ಗಂಟೆ ನಲವತ್ತು ನಿಮಿಷದ ಹೊತ್ತಿಗೆ ಗಡಿಯಾರ ನಿಂತೇಬಿಡುತ್ತದೆ. ಪೂರ್ಣಾಂಕದಲ್ಲಿ ದೋಷದ ಗಾತ್ರ ಎಲ್ಲೆಡೆ ಒಂದೇ. Float ನಲ್ಲಿ ಸಂಖ್ಯೆ ಬೆಳೆದಂತೆ ದೋಷವೂ ಬೆಳೆಯುತ್ತದೆ.

ಹಾಗಾಗಿ ಆಯ್ಕೆ ಹೀಗೆ: ಸಂಖ್ಯೆಗಳ ವ್ಯಾಪ್ತಿ ಮೊದಲೇ ಗೊತ್ತಿದ್ದರೆ, ಥರ್ಮಾಮೀಟರಿನಂತೆ 0ಯಿಂದ 4095ರೊಳಗೇ ಇದ್ದರೆ, ಪೂರ್ಣಾಂಕ ಸಾಕು. ವ್ಯಾಪ್ತಿ ಅಂದಾಜಿಗೆ ಸಿಗದಿದ್ದರೆ ಫ್ಲೋಟಿಂಗ್ ಪಾಯಿಂಟ್ ಸರ್ಕ್ಯೂಟ್ ಇರುವ ಕಾರ್ಟೆಕ್ಸ್-ಎಂ4ಎಫ್‌ನಂಥ ಚಿಪ್ ಕೊಳ್ಳುವುದೇ ಲೇಸು. ಪೂರ್ಣಾಂಕವನ್ನೇ ಆರಿಸಿದರೆ, y16 ಎಂದು ಇಟ್ಟಂತೆ ಪ್ರತಿ ಹೆಸರಿನಲ್ಲೂ ಅದರ ಅಳತೆಯನ್ನು ಬರೆದಿಡಿ. ಬಿಂದುವಿನ ಜಾಗ ಬೇರೆಲ್ಲೂ ದಾಖಲಾಗಿರುವುದಿಲ್ಲ. ಆರು ತಿಂಗಳ ನಂತರ ಅದೇ ಪ್ರೋಗ್ರಾಂ ತಿದ್ದುವವರಿಗೆ ಸಿಗುವ ಸುಳಿವು ಆ ಹೆಸರೊಂದೇ.