48 ಹುದ್ದೆ ಖಾಲಿ ಇವೆ

ನಮ್ಮ ಬೀದಿಯ ಒಂದು ಮನೆಗೆ ವರ್ಷಕ್ಕೆ ಮೂರು ಸಲವಾದರೂ ಟು-ಲೆಟ್ ಬೋರ್ಡು ಬೀಳುತ್ತದೆ. ಹುಡುಕಿಕೊಂಡು ಬಂದ ಹೊಸಬರಿಗೆ ಬೋರ್ಡು ಕಂಡರೆ ಖುಷಿ. ಬೀದಿಯವರಿಗೆ ಮಾತ್ರ ಗೊತ್ತು, ಆ ಮನೆಯ ಎರಡನೇ ಮಹಡಿಗೆ ನೀರು ಏರುವುದಿಲ್ಲ ಅಂತ.

ಹೋದ ವರ್ಷ ತಂಗಿಯ ಮಗ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು, "ನೋಡಿ ಮಾವ, 48 ಹುದ್ದೆ ಖಾಲಿ ಇವೆ. ಸಖತ್ತಾಗಿ ಬೆಳೀತಾ ಇದೆ ಕಂಪನಿ" ಎಂದಾಗ ನನಗೆ ನೆನಪಾದದ್ದು ಆ ಬೋರ್ಡು. ಹೊರವರ್ತುಲ ರಸ್ತೆಯ ಕಡೆಯ ಒಂದು ಸಾಫ್ಟ್‌ವೇರ್ ಕಂಪನಿ. ಸುಮಾರು 600 ಜನ. ಎರಡು ಸುತ್ತು ಇಂಟರ್‌ವ್ಯೂ ಮುಗಿದಿತ್ತು. ನಾನು ನೇಮಕಾತಿ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವನು, ಇಂಥ ಪಟ್ಟಿಗಳನ್ನು ಸ್ವತಃ ಹಾಕಿದವನು. ಹಾಗಾಗಿ ಅವನ ಖುಷಿಗೆ ತಣ್ಣೀರು ಎರಚುವ ಮೊದಲು ಪಟ್ಟಿಯನ್ನು ಒಮ್ಮೆ ಎಣಿಸೋಣ ಎಂದೆ.

ಎಣಿಸಲು ಕೂತಾಗ ಮೊದಲು ತಿಳಿದದ್ದು, 48 ಎಂದರೆ 48 ಅಲ್ಲ. ಒಂದೇ ಹುದ್ದೆಯನ್ನು ಬೆಂಗಳೂರಿಗೊಂದು, ಪುಣೆಗೊಂದು, ಮನೆಯಿಂದಲೇ ಕೆಲಸ ಮಾಡುವವರಿಗೆ ಇನ್ನೊಂದು ಎಂದು ಮೂರು ಸಾಲಾಗಿ ಹಾಕಿದ್ದರು. ಮೂರು ಊರಿನವರ ಹುಡುಕಾಟದಲ್ಲೂ ಕಾಣಿಸಲಿ ಎಂದು ಎಲ್ಲರೂ ಮಾಡುವ ಉಪಾಯ ಇದು, ಮೋಸವೇನಲ್ಲ. ಹೀಗೆ ನಕಲಾದ 14 ಸಾಲು ಹೋದವು. "ನಮ್ಮ ಟ್ಯಾಲೆಂಟ್ ಪೂಲ್ ಸೇರಿ" ಎಂಬಂಥ ಮೂರು ಸಾಲುಗಳ ಹಿಂದೆ ಯಾವ ಕುರ್ಚಿಯೂ ಇರುವುದಿಲ್ಲ. ಮುಂದೆ ಬೇಕಾದೀತು ಎಂದು ಬಯೋಡೇಟಾ ಕೂಡಿಡುವ ಡಬ್ಬಿ ಅದು. ಅದನ್ನೂ ತೆಗೆದರೆ ಉಳಿದದ್ದು 31.

ಸರಿ, 31 ಎಂದರೆ ಬೆಳವಣಿಗೆಯೇ? ಮೆಜೆಸ್ಟಿಕ್ಕಿನ ಒಂದು ಪ್ಲಾಟ್‌ಫಾರ್ಮಿನಲ್ಲಿ ಜನ ಕಿಕ್ಕಿರಿದಿದ್ದರೆ ಕಾರಣ ಎರಡಿರಬಹುದು. ಜನ ಹೆಚ್ಚು ಬರುತ್ತಿರಬಹುದು, ಇಲ್ಲವೇ ಬಸ್ಸೇ ಬರುತ್ತಿಲ್ಲದಿರಬಹುದು. ಖಾಲಿ ಹುದ್ದೆಗಳ ಪಟ್ಟಿಯೂ ಹಾಗೆಯೇ. ಯಾವುದೇ ದಿನ ಅಲ್ಲಿ ಕಾಣುವ ಸಂಖ್ಯೆ ಎಂದರೆ, ತಿಂಗಳಿಗೆ ಎಷ್ಟು ಹುದ್ದೆ ತೆರೆಯುತ್ತವೆ ಮತ್ತು ಒಂದೊಂದು ಎಷ್ಟು ತಿಂಗಳು ತೆರೆದೇ ಇರುತ್ತದೆ ಎಂಬ ಎರಡರ ಗುಣಲಬ್ಧ. ಸಾಲುಗಳ ಬಗ್ಗೆ ಜಾನ್ ಲಿಟಲ್ ಎಂಬವರು 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರ ಇದೇ. ನಮಗೆ ಮಗ್ಗಿ ಸಾಕು.

600 ಜನರಲ್ಲಿ ವರ್ಷಕ್ಕೆ ಶೇ 20 ಮಂದಿ ಬಿಟ್ಟುಹೋಗುತ್ತಾರೆ ಎಂದುಕೊಳ್ಳಿ. ನಮ್ಮ ಐಟಿ ಲೋಕದಲ್ಲಿ ಇದು ಯಾರೂ ಹೌಹಾರುವ ಪ್ರಮಾಣವಲ್ಲ. ಅಲ್ಲಿಗೆ ವರ್ಷಕ್ಕೆ 120, ತಿಂಗಳಿಗೆ 10 ಕುರ್ಚಿ ಖಾಲಿ. ಒಂದೊಂದನ್ನು ತುಂಬಲು ಮೂರು ತಿಂಗಳು ಹಿಡಿದರೆ, ಯಾವ ದಿನ ನೋಡಿದರೂ 30 ಹುದ್ದೆ ಪಟ್ಟಿಯಲ್ಲಿ ಇರಲೇಬೇಕು. ಮೂರು ತಿಂಗಳು ಹೆಚ್ಚೇನಲ್ಲ. ಆಯ್ಕೆಯಾದವನು ಹಳೆಯ ಕಂಪನಿಯಲ್ಲಿ 90 ದಿನ ನೋಟಿಸ್ ಪೀರಿಯಡ್ ಕಳೆಯಬೇಕು, ಅಷ್ಟರಲ್ಲಿ ಇನ್ನೆರಡು ಆಫರ್ ಹಿಡಿದು ಕೈಕೊಡಬಹುದು. ಆ ಭಯಕ್ಕೆ ಅವನು ಬಂದು ಕೂರುವ ತನಕ ಜಾಹೀರಾತು ತೆಗೆಯದವರೂ ಇದ್ದಾರೆ, ನಾನೂ ತೆಗೆಯುತ್ತಿರಲಿಲ್ಲ. ಅಂದರೆ ಈ ಕಂಪನಿಯ 31 ಹುದ್ದೆ ಒಬ್ಬನೇ ಒಬ್ಬ ಹೆಚ್ಚುವರಿ ನೌಕರನನ್ನೂ ತರದೆ, ಇದ್ದಲ್ಲೇ ಇರಲು ಬೇಕಾದ ಸಂಖ್ಯೆ.

ನೇಮಕ ನಡೆಯುತ್ತಿದ್ದೂ ಕಂಪನಿ ಸಣ್ಣದಾಗುತ್ತ ಹೋಗಬಹುದು ಎಂದಾಗ ಹುಡುಗ ನಂಬಲಿಲ್ಲ. ಇನ್ಫೊಸಿಸ್‌ನ ಪ್ರಕಟಿತ ಅಂಕಿಗಳನ್ನೇ ತೋರಿಸಿದೆ. 2023-24ರಲ್ಲಿ ಅದು ಸುಮಾರು 11,900 ಫ್ರೆಶರ್‌ಗಳನ್ನು ತೆಗೆದುಕೊಂಡಿತು. ಅದೇ ವರ್ಷ ಅದರ ಒಟ್ಟು ನೌಕರರ ಸಂಖ್ಯೆ 25,994ರಷ್ಟು ಇಳಿದು 3,17,240ಕ್ಕೆ ಬಂತು. ಬಿಟ್ಟವರ ಜಾಗವನ್ನೆಲ್ಲ ತುಂಬದಿದ್ದರೆ ಸಾಕು, ಯಾರನ್ನೂ ಕಳಿಸದೆಯೇ ಸಂಖ್ಯೆ ಇಳಿಯುತ್ತದೆ. ಎರಡು ವರ್ಷ ಹಿಂದೆ, 2022ರ ಜೂನ್ ಹೊತ್ತಿಗೆ, ಅಲ್ಲಿ ತಾವಾಗಿ ಬಿಡುವವರ ಪ್ರಮಾಣ ಶೇ 28.4ಕ್ಕೆ ಏರಿತ್ತು. ಮೂರು ಲಕ್ಷ ಮೀರಿದ ಸಂಸ್ಥೆಯಲ್ಲಿ ಆ ದರವೆಂದರೆ ವರ್ಷಕ್ಕೆ 80-90 ಸಾವಿರ ಜನರನ್ನು ತಂದರೆ ಮಾತ್ರ ಸಮಸಮ.

ಹಾಗಾದರೆ ಸಂಖ್ಯೆ ಬಿಟ್ಟು ನೋಡಬೇಕಾದದ್ದು ಮಿಶ್ರಣವನ್ನು. ಯಾವ ವಿಭಾಗಕ್ಕೆ ಎಷ್ಟು, ಮತ್ತು ಮೊದಲು ಎಷ್ಟಿತ್ತು? ಈ "ಮೊದಲು" ಸಿಗುವುದು ವೇಬ್ಯಾಕ್ ಮಷೀನ್ ಎಂಬ ಉಚಿತ ಸಂಗ್ರಹದಲ್ಲಿ. `web.archive.org`ನಲ್ಲಿ ಕಂಪನಿಯ ಕರಿಯರ್ಸ್ ಪುಟದ ವಿಳಾಸ ಕೊಟ್ಟರೆ, ಹಿಂದೆ ಯಾವ ಯಾವ ದಿನ ಆ ಪುಟ ಹೇಗಿತ್ತು ಎಂಬ ಪ್ರತಿಗಳು ತೆರೆಯುತ್ತವೆ. ಎಲ್ಲ ಪುಟಗಳೂ ಸಿಗುವುದಿಲ್ಲ, ಸಿಕ್ಕರೂ ಕೆಲವು ಅರ್ಧಂಬರ್ಧ. ನಮ್ಮ ಅದೃಷ್ಟಕ್ಕೆ ನಾಲ್ಕು ತಿಂಗಳ ಹಿಂದಿನ ಒಂದು ಪ್ರತಿ ಪೂರ್ತಿ ಇತ್ತು.

ಅದನ್ನೂ ಹೀಗೆಯೇ ಸೋಸಿದಾಗ 34 ಹುದ್ದೆ. ಒಟ್ಟು ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ ಎನ್ನಬೇಕು. ಒಳಗಿನ ಚಿತ್ರ ಮಾತ್ರ ಪೂರಾ ಬೇರೆ. ಆಗ ಎಂಜಿನಿಯರ್‌ಗಳಿಗೆ 19 ಹುದ್ದೆ ಇದ್ದವು, ಈಗ 5. ಮಾರಾಟದಲ್ಲಿ 4 ಇದ್ದದ್ದು 9. ಗ್ರಾಹಕ ಸೇವೆಯಲ್ಲಿ 7 ಇದ್ದದ್ದು 12. ಹಣಕಾಸು ಮತ್ತು ಕಾನೂನಿನಲ್ಲಿ ಒಂದಿತ್ತು, ನಾಲ್ಕಾಗಿದೆ. ಎಚ್‌ಆರ್‌ನಲ್ಲಿ ಆಗ ಮೂರು ರಿಕ್ರೂಟರ್ ಹುದ್ದೆ, ಈಗ ಒಂದೇ ಹುದ್ದೆ. ಅದರ ವಿವರಣೆಯಲ್ಲಿ "ನೌಕರರ ಸಂಬಂಧ" ಮತ್ತು "ಸಂಸ್ಥೆಯ ಬದಲಾವಣೆ ನಿರ್ವಹಣೆ" ಎಂಬ ಮಾತುಗಳು.

ಈ ಎಲ್ಲದರಲ್ಲಿ ನಾನು ಮೊದಲು ನೋಡುವುದು ರಿಕ್ರೂಟರ್‌ಗಳನ್ನು. ಮದುವೆ ಮನೆಯವರು ಊಟದ ಎಲೆ ತರುವ ಮೊದಲು ಅಡುಗೆ ಭಟ್ಟರನ್ನು ಗೊತ್ತುಮಾಡುತ್ತಾರೆ. ನೂರು ಜನರನ್ನು ತೆಗೆದುಕೊಳ್ಳುವ ಯೋಚನೆಯಿದ್ದ ಕಂಪನಿ ಅದಕ್ಕೆ ಮೂರ್ನಾಲ್ಕು ತಿಂಗಳ ಮೊದಲು ಆಯ್ಕೆ ಮಾಡುವವರನ್ನು ತೆಗೆದುಕೊಳ್ಳುತ್ತದೆ. ಆ ಹುದ್ದೆಗಳು ಸದ್ದಿಲ್ಲದೆ ಮಾಯವಾದರೆ ಮುಂದಿನ ತಿಂಗಳುಗಳಲ್ಲಿ ದೊಡ್ಡ ಊಟವಿಲ್ಲ. ಲೇಆಫ್ ಬಂದಾಗ ಮೊದಲು ಹೋಗುವವರೂ ನಮ್ಮವರೇ, ಅದು ಬೇರೆ ಮಾತು.

ಉಳಿದದ್ದನ್ನು ಓದುವುದು ಕಷ್ಟವಿರಲಿಲ್ಲ. ಹೊಸದನ್ನು ಕಟ್ಟುವ ಕೈಗಳು ಬೇಡವಾಗಿವೆ, ಕಟ್ಟಿದ್ದನ್ನು ಮಾರುವ ಬಾಯಿಗಳು ಬೇಕಾಗಿವೆ. ಖರ್ಚಿನ ಮೇಲೆ ಕಣ್ಣಿಡಲು ಹಣಕಾಸಿನವರು ಬರುತ್ತಿದ್ದಾರೆ. ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಟೆಸ್ಟಿಂಗ್ ಹುದ್ದೆಗಳಂತೂ ಬೆಂಗಳೂರಿನ ಪಟ್ಟಿಯಿಂದ ಅಳಿಸಿಹೋಗಿ, ಅದೇ ವಿವರಣೆಯೊಂದಿಗೆ ಕೊಯಮತ್ತೂರಿನ ಹೆಸರಲ್ಲಿ ಕಾಣಿಸಿಕೊಂಡಿದ್ದವು. ಇದು ಬೆಳವಣಿಗೆಯಲ್ಲ, ಕೆಲಸದ ಸ್ಥಳಾಂತರ. ಒಂದು ಊರಿನ ಪುಟ ಮಾತ್ರ ನೋಡಿದವರಿಗೆ ಇದು ಕಡಿತದಂತೆ ಕಾಣುತ್ತದೆ, ಇನ್ನೊಂದು ಊರಿನವರಿಗೆ ಹಬ್ಬದಂತೆ.

ಗ್ರಾಹಕ ಸೇವೆಯ 12 ಹುದ್ದೆಗಳನ್ನು ಹುಡುಗ ವ್ಯಾಪಾರ ಹೆಚ್ಚಿದ್ದರ ಗುರುತು ಎಂದ. ಇರಬಹುದಿತ್ತು. ವ್ಯಾಪಾರ ಹೆಚ್ಚಿದಾಗ ಸಾಮಾನ್ಯವಾಗಿ ಹೊಸ ಬಗೆಯ ಹುದ್ದೆಗಳೂ ಬರುತ್ತವೆ: ಹೊಸ ಪಾಳಿ, ಹೊಸ ಭಾಷೆ, ಹೊಸ ತಂಡಕ್ಕೊಬ್ಬ ಲೀಡ್. ಇಲ್ಲಿ ಹನ್ನೆರಡರಲ್ಲಿ ಒಂಬತ್ತು ಒಂದೇ ಶೀರ್ಷಿಕೆ, ಒಂದೇ ವಿವರಣೆ, ಎರಡೇ ತಂಡ. ನಾಲ್ಕು ತಿಂಗಳ ಹಿಂದಿನ ಪ್ರತಿಯಲ್ಲೂ ಅದೇ ಶೀರ್ಷಿಕೆ ಐದು ಸಲ ಇತ್ತು. ನೀರು ಏರದ ಎರಡನೇ ಮಹಡಿ ಇದೇ.

ಅವನು ಅರ್ಜಿ ಹಾಕಿದ್ದ ಹುದ್ದೆಗೆ ಬಂದೆವು. "ಒಂಬತ್ತು ದಿನದ ಹಿಂದೆ ಹಾಕಿದ್ದು" ಎಂದು ಪುಟ ಹೇಳುತ್ತಿತ್ತು. ಬ್ರೌಸರಿನಲ್ಲಿ ಪುಟದ ಮೂಲ ತೆರೆದು `datePosted` ಎಂದು ಹುಡುಕಿದರೆ, ಗೂಗಲ್‌ನಂಥ ಹುಡುಕುತಾಣಗಳಿಗಾಗಿ ಬರೆದಿಟ್ಟ ದಿನಾಂಕ ಹಲವು ಕಡೆ ಸಿಗುತ್ತದೆ. ಅಲ್ಲೂ ಅದೇ ಒಂಬತ್ತು ದಿನ. ಹಳೆಯ ಪ್ರತಿಯಲ್ಲಿ ಮಾತ್ರ ಇದೇ ವಿವರಣೆ, ಅಕ್ಷರ ತಪ್ಪೊಂದರ ಸಮೇತ, ಬೇರೆ ಜಾಬ್ ನಂಬರಿನಲ್ಲಿ ಕೂತಿತ್ತು. ಹಳೆಯ ಜಾಹೀರಾತನ್ನು ಮುಚ್ಚಿ ಹೊಸ ನಂಬರಿನಲ್ಲಿ ತೆರೆದರೆ ಉದ್ಯೋಗ ತಾಣಗಳಲ್ಲಿ ಅದು ಮತ್ತೆ ಮೇಲಕ್ಕೆ ಬರುತ್ತದೆ. ಅದಕ್ಕಾಗಿ ಮಾಡುತ್ತಾರೆ. ಅಂದರೆ ಈ ಕುರ್ಚಿ ನಾಲ್ಕು ತಿಂಗಳಿಂದ ಖಾಲಿ ಇದೆ, ಇಲ್ಲವೇ ನಡುವೆ ಒಬ್ಬರು ಕೂತು ಎದ್ದು ಹೋಗಿದ್ದಾರೆ. ಎರಡರಲ್ಲಿ ಯಾವುದು ಎಂದು ಪುಟ ಹೇಳುವುದಿಲ್ಲ.

ಪುಟ ಹೇಳದ್ದು ಇನ್ನೂ ಬಹಳ ಇದೆ. ರೆಫರಲ್ ಮೂಲಕ, ಕ್ಯಾಂಪಸ್ಸಿನಿಂದ, ಏಜೆನ್ಸಿಗಳಿಂದ ಬರುವವರ ಹುದ್ದೆ ಎಷ್ಟೋ ಸಲ ಅಲ್ಲಿ ಕಾಣುವುದೇ ಇಲ್ಲ. ಕಾಲವೂ ಆಟ ಆಡಿಸುತ್ತದೆ: ಏಪ್ರಿಲ್‌ನಲ್ಲಿ ಹೊಸ ಬಜೆಟ್ಟಿನ ಹುದ್ದೆಗಳು ಒಟ್ಟಿಗೆ ತೆರೆಯುತ್ತವೆ, ಬೋನಸ್ ಕೈಗೆ ಬಂದ ಮೇಲೆ ಬಿಟ್ಟುಹೋದವರ ಕುರ್ಚಿಗಳು ಅದರ ಬೆನ್ನಿಗೇ ಬರುತ್ತವೆ. ಮಾರ್ಚ್ ಪಟ್ಟಿಯನ್ನು ಜುಲೈ ಪಟ್ಟಿಯ ಜೊತೆ ಹೋಲಿಸಿದರೆ ಎಲ್ಲ ಕಂಪನಿಯೂ ಬೆಳೆಯುತ್ತಿರುವಂತೆಯೇ ಕಾಣುತ್ತದೆ. ಇನ್ನು 60 ಜನರ ಕಂಪನಿಯಲ್ಲಿ ಇರುವುದೇ ಮೂರು ಹುದ್ದೆ, ಅದರಲ್ಲಿ ಮಿಶ್ರಣ ಹುಡುಕುವುದು ಗಿಣಿಶಾಸ್ತ್ರ.

ಹಾಗಾಗಿ ಪುಟದಿಂದ ಹುಟ್ಟಿದ ಅನುಮಾನವನ್ನು ಬೇರೆ ಕಡೆ ತೂಗಿ ನೋಡಬೇಕು. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳಾದರೆ ಸುಲಭ. ಸೆಬಿ ನಿಯಮದಂತೆ 2022-23ರಿಂದ ಅವು ವರ್ಷಕ್ಕೊಮ್ಮೆ ಕೊಡಲೇಬೇಕಾದ ಬಿಆರ್‌ಎಸ್‌ಆರ್ ವರದಿಯಲ್ಲಿ ಕಾಯಂ ನೌಕರರು ಬಿಟ್ಟುಹೋದ ಪ್ರಮಾಣ ಮೂರು ವರ್ಷದ್ದು ಇರುತ್ತದೆ, ಗಂಡಸರು ಹೆಂಗಸರು ಬೇರೆ ಬೇರೆಯಾಗಿ. ನಮ್ಮ ಕಂಪನಿ ಷೇರುಪೇಟೆಯಲ್ಲಿ ಇರಲಿಲ್ಲ. ಅದಕ್ಕೆ ಪಿಎಫ್ ಕಡೆ ಹೋದೆವು. ಇಪಿಎಫ್‌ಒ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹಾಕಿ ಹುಡುಕುವ ಸೌಲಭ್ಯ ಸಾರ್ವಜನಿಕರಿಗೇ ಇದೆ. ಯಾವ ತಿಂಗಳ ಸಂಬಳಕ್ಕೆ ಎಷ್ಟು ಹಣ ಕಟ್ಟಿದರು, ಎಷ್ಟು ನೌಕರರಿಗೆ ಕಟ್ಟಿದರು ಎಂಬುದು ಅಲ್ಲಿ ಕಾಣುತ್ತದೆ. ಗುತ್ತಿಗೆಯವರು ಗುತ್ತಿಗೆದಾರನ ಲೆಕ್ಕದಲ್ಲಿ ಇರುತ್ತಾರೆ, ಒಂದೇ ಕಂಪನಿಗೆ ಎರಡು ಮೂರು ಪಿಎಫ್ ಕೋಡ್ ಇರಬಹುದು. ಆದ್ದರಿಂದ ಸಂಖ್ಯೆಯನ್ನು ನಂಬುವುದಕ್ಕಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ನೋಡುವುದು ಮೇಲು. ಐದು ತಿಂಗಳಲ್ಲಿ ಅದು 640ರಿಂದ 583ಕ್ಕೆ ಬಂದಿತ್ತು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಾಗಾದ್ರೆ ಬೇಡ ಅಂತೀರಾ ಮಾವ?"

ಬೇಡ ಎನ್ನಲಿಲ್ಲ. ಕೊನೆಯ ಸುತ್ತಿನಲ್ಲಿ ಮ್ಯಾನೇಜರ್ ಸಿಗುತ್ತಾರಲ್ಲ, ಈ ಹುದ್ದೆ ಹೊಸದೋ ಯಾರಾದರೂ ಬಿಟ್ಟದ್ದೋ, ತಂಡ ಹೋದ ವರ್ಷ ಎಷ್ಟಿತ್ತು, ಈಗ ಎಷ್ಟಿದೆ ಎಂದು ಕೇಳು ಎಂದೆ. ಕೇಳಿದ. ಆಕೆ ಮುಚ್ಚಿಡಲಿಲ್ಲವಂತೆ. ಏಳು ಜನರ ತಂಡ ನಾಲ್ಕಾಗಿದೆ, ಎರಡು ತಂಡ ಕೂಡಿಸಿದ್ದಾರೆ, ನಡುವೆ ಬಂದ ಒಬ್ಬ ಆರು ವಾರ ಇದ್ದು ಹೋದ ಎಂದರಂತೆ. ಸಂಬಳ ಈಗಿನದಕ್ಕಿಂತ ಚೆನ್ನಾಗಿತ್ತು, ಕೆಲಸವೂ ಅವನಿಗೆ ಹಿಡಿಸಿತ್ತು. ಸೇರಿದ. ಯಲಹಂಕದ ಫ್ಲ್ಯಾಟಿಗೆ ಅಡ್ವಾನ್ಸ್ ಕೊಡುವುದನ್ನು ಮಾತ್ರ ಒಂದು ವರ್ಷ ಮುಂದಕ್ಕೆ ಹಾಕಿದ್ದಾನೆ, ತಿಂಗಳಿಗೊಮ್ಮೆ ಪಿಎಫ್ ತಾಣ ತೆರೆದು ನೋಡುತ್ತಾನೆ.